ವರ್ಣಕ್ಕೆ ಸೊನ್ನೆ, ವಶ್ಯಕ್ಕೆ ಮೂರು ಉತ್ತರ: ಸಾಲಾವಳಿಯ ಮೊದಲ ಮೂರು ಗುಣಗಳು

ಪ್ರಶ್ನೆ: ನಮ್ಮದು ಸೋಮವಾರಪೇಟೆ. ನನ್ನದು ಭರಣಿ ನಕ್ಷತ್ರ 3ನೇ ಪಾದ, ಮೇಷ ರಾಶಿ. ವಿರಾಜಪೇಟೆ ಕಡೆಯ ಹುಡುಗನದು ಶ್ರವಣ 2ನೇ ಪಾದ, ಮಕರ ರಾಶಿ. ಮೈಸೂರಿನ ನಮ್ಮ ಜೋಯಿಸರು ವರ್ಣ 0, ವಶ್ಯ 1 ಎಂದು ಬರೆದುಕೊಟ್ಟರು. ಮೊಬೈಲ್ ಆ್ಯಪ್‌ನಲ್ಲಿ ವಶ್ಯಕ್ಕೆ 2 ಬಂತು. ಹುಡುಗನ ಮನೆಯವರು ತೋರಿಸಿದ ಕಡೆ ವಶ್ಯ ಪೊರುತ್ತವೇ, ಅಂದರೆ ಹೊಂದಾಣಿಕೆಯೇ, ಇಲ್ಲ ಎಂದರಂತೆ. ಹುಡುಗಿಯ ವರ್ಣ ಮೇಲಿದ್ದರೆ ಅಹಂಕಾರ ಜಾಸ್ತಿ, ಗಂಡನ ಮಾತು ಕೇಳುವುದಿಲ್ಲ ಎಂದು ಅವರ ಚಿಕ್ಕಮ್ಮ ಹೇಳಿದ್ದಾರೆ. ಇದು ನಿಜವೇ? ಮೂರರಲ್ಲಿ ಯಾವುದನ್ನು ನಂಬಲಿ? ಎರಡೂ ಜಾತಕಗಳ ಪ್ರತಿ ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಅಹಂಕಾರದ ಬಗ್ಗೆ ಆ ಸೊನ್ನೆ ಏನನ್ನೂ ಹೇಳುವುದಿಲ್ಲ. ಇದು ನಿಮ್ಮ ಸಮಾಧಾನಕ್ಕೆ ಹೇಳುವ ಮಾತಲ್ಲ. ವರ್ಣಕೂಟವನ್ನು ಲೆಕ್ಕ ಹಾಕುವ ಕ್ರಮವನ್ನು ಒಮ್ಮೆ ಬಿಡಿಸಿ ನೋಡಿದರೆ ಯಾರಿಗಾದರೂ ತಿಳಿಯುವ ಸಂಗತಿ. ವಶ್ಯಕ್ಕೆ ಮೂರು ಕಡೆ ಮೂರು ಉತ್ತರ ಬಂದದ್ದಕ್ಕೂ ಸ್ಪಷ್ಟವಾದ ಕಾರಣಗಳಿವೆ, ಮತ್ತು ಮೂವರಲ್ಲಿ ಯಾರೂ ಲೆಕ್ಕ ತಪ್ಪಿಲ್ಲ.

ಮೊದಲು ವರ್ಣವನ್ನು ನೋಡೋಣ. ಸಾಲಾವಳಿಯ ಎಂಟು ಕೂಟಗಳಿಗೆ ಕ್ರಮವಾಗಿ 1ರಿಂದ 8ರವರೆಗೆ ಗುಣಗಳನ್ನು ಕೊಟ್ಟಿದ್ದಾರೆ, ಒಟ್ಟು 36. ಮೊದಲನೆಯದು ವರ್ಣ, ಅದಕ್ಕೆ 1 ಗುಣ. ಎರಡನೆಯದು ವಶ್ಯ, ಅದಕ್ಕೆ 2. ಕೊನೆಯದು ನಾಡಿ, ಅದಕ್ಕೆ 8. ಕಾಶಿಯ ರಾಮ ದೈವಜ್ಞರು 1600ರ ಸುಮಾರಿಗೆ ರಚಿಸಿದ ಮುಹೂರ್ತಚಿಂತಾಮಣಿಯಲ್ಲಿ ಈ ಎಂಟನ್ನೂ ಇದೇ ಅನುಕ್ರಮದಲ್ಲಿ, ಹಿಂದಿನದಕ್ಕಿಂತ ಮುಂದಿನದು ಹೆಚ್ಚು ಬಲವುಳ್ಳದ್ದೆಂದು ಹೇಳಿದೆ. ಅಂದರೆ ಶಾಸ್ತ್ರಕಾರರೇ ವರ್ಣವನ್ನು ಎಲ್ಲಕ್ಕಿಂತ ಹಗುರವಾದ ಕೂಟವೆಂದು ಎಣಿಸಿದ್ದಾರೆ. ನಿಮ್ಮ ಎರಡು ಜಾತಕಗಳಲ್ಲಿ ನಾಡಿ, ರಾಶಿಕೂಟ ಮತ್ತು ಗಣ ಈ ಮೂರರಿಂದಲೇ ಕನಿಷ್ಠ 20 ಗುಣ ಬರುತ್ತದೆ. ಸಾಮಾನ್ಯವಾಗಿ ಕೇಳುವುದು 18. ವರ್ಣದ ಒಂದು ಗುಣ ಬಂದರೂ ಬಾರದಿದ್ದರೂ ಒಟ್ಟು ಫಲಿತಾಂಶ ಅಲುಗಾಡುವುದಿಲ್ಲ.

ವರ್ಣವನ್ನು ನಿರ್ಧರಿಸುವುದು ಚಂದ್ರನಿರುವ ರಾಶಿ ಮಾತ್ರ. ಕರ್ಕಾಟಕ, ವೃಶ್ಚಿಕ, ಮೀನ ಎಂಬ ಜಲರಾಶಿಗಳು ಬ್ರಾಹ್ಮಣ. ಮೇಷ, ಸಿಂಹ, ಧನು ಕ್ಷತ್ರಿಯ. ವೃಷಭ, ಕನ್ಯಾ, ಮಕರ ವೈಶ್ಯ. ಮಿಥುನ, ತುಲಾ, ಕುಂಭ ಶೂದ್ರ. ನೀವು ಹುಟ್ಟಿದ ಮನೆಯ ಜಾತಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಚಂದ್ರ ಒಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇರುತ್ತಾನೆ. ಆ ಅವಧಿಯಲ್ಲಿ ಜಿಲ್ಲೆಯ ಎಲ್ಲ ಆಸ್ಪತ್ರೆಗಳಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಒಂದೇ ವರ್ಣ. ಗುಣ ಕೊಡುವ ನಿಯಮವೂ ಒಂದೇ ಸಾಲಿನದು: ವರನ ವರ್ಣ ವಧುವಿನ ವರ್ಣಕ್ಕೆ ಸಮನಾಗಿದ್ದರೆ ಅಥವಾ ಮೇಲಿದ್ದರೆ 1, ಕೆಳಗಿದ್ದರೆ 0. ನೀವು ಮೇಷ, ಆದ್ದರಿಂದ ಕ್ಷತ್ರಿಯ. ಅವರು ಮಕರ, ಆದ್ದರಿಂದ ವೈಶ್ಯ. ಸೊನ್ನೆ ಬಂದದ್ದು ಹೀಗೆ, ಮತ್ತು ನಿಮ್ಮ ಜೋಯಿಸರು ಅದನ್ನು ಸರಿಯಾಗಿಯೇ ಬರೆದಿದ್ದಾರೆ.

ಈಗ ಅದೇ ಎರಡು ರಾಶಿಗಳನ್ನು ಅದಲುಬದಲು ಮಾಡಿ. ಮೇಷ ರಾಶಿಯ ಹುಡುಗ, ಮಕರ ರಾಶಿಯ ಹುಡುಗಿ ಎಂದಿಟ್ಟುಕೊಂಡರೆ ವರ್ಣಕ್ಕೆ ಪೂರ್ತಿ 1 ಗುಣ ಬರುತ್ತದೆ. ಎರಡು ಸ್ವಭಾವಗಳ ಅಹಂಕಾರ ಪರಸ್ಪರ ತಾಕಲಾಡುತ್ತದೆಯೇ ಎಂಬುದನ್ನು ಈ ಕೂಟ ನಿಜವಾಗಿ ಅಳೆಯುತ್ತಿದ್ದರೆ, ಅದೇ ಇಬ್ಬರು ಸ್ಥಾನ ಬದಲಿಸಿದಾಗ ತಾಕಲಾಟ ಮಾಯವಾಗಲು ಹೇಗೆ ಸಾಧ್ಯ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮೀನ ರಾಶಿಯ ವರ, ಮಿಥುನ ರಾಶಿಯ ವಧು ಎಂದರೆ ಒಬ್ಬರು ಪಟ್ಟಿಯ ತುದಿಯಲ್ಲಿ, ಇನ್ನೊಬ್ಬರು ಬುಡದಲ್ಲಿ. ಅಂತರ ಇದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ. ಆದರೂ ಅವರಿಗೆ 1 ಗುಣ ಸಿಗುತ್ತದೆ. ನಿಮ್ಮಿಬ್ಬರ ನಡುವೆ ಇರುವುದು ಒಂದೇ ಮೆಟ್ಟಿಲಿನ ಅಂತರ, ಸಿಕ್ಕಿದ್ದು ಸೊನ್ನೆ. ಹಾಗಾಗಿ ಈ ನಿಯಮ ಅಂತರವನ್ನು ಅಳೆಯುವುದಿಲ್ಲ, ಸ್ವಭಾವವನ್ನಂತೂ ಮುಟ್ಟುವುದೇ ಇಲ್ಲ. ಗಂಡ ಮೇಲಿರಬೇಕು ಅಥವಾ ಸಮನಾಗಿರಬೇಕು ಎಂಬ ಒಂದೇ ಷರತ್ತನ್ನು ಪರೀಕ್ಷಿಸುತ್ತದೆ. ಆ ಷರತ್ತು ಅಂದಿನ ಸಮಾಜದ ಮದುವೆಯ ಕಟ್ಟಳೆಯಿಂದ ಬಂದದ್ದು. ಅಹಂಕಾರ, ಈಗೋ ಎಂಬ ವಿವರಣೆಗಳನ್ನು ಅದರ ಮೇಲೆ ಹೊದಿಸಿದ್ದು ಇತ್ತೀಚಿನ ಬರಹಗಳು ಮತ್ತು ಆ್ಯಪ್‌ಗಳು. ಹನ್ನೆರಡು ರಾಶಿಗಳ 144 ಜೋಡಿಗಳಲ್ಲಿ 54 ಜೋಡಿಗಳಿಗೆ ವರ್ಣ ಸೊನ್ನೆ ಬರುತ್ತದೆ. ನಮ್ಮ ಸುತ್ತ ಸಾಲಾವಳಿ ನೋಡಿ ಮದುವೆಯಾದ ದಂಪತಿಗಳಲ್ಲಿ ಎಷ್ಟೋ ಮಂದಿಗೆ ಇದೇ ಸೊನ್ನೆ ಇದೆ, ಹೆಚ್ಚಿನವರಿಗೆ ಅದು ಗೊತ್ತೂ ಇಲ್ಲ.

ಚಿಕ್ಕಮ್ಮನವರ ಮಾತು ನಿಮಗೆ ನೋವು ಕೊಟ್ಟಿರುವುದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ. ವರ್ಣ ಸೊನ್ನೆ ಬಂದಾಗ ಅದನ್ನು ವಧುವಿನ ದೋಷವೆಂದು ಓದುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ವರನ ವರ್ಣ ಕೆಳಗಿದೆ ಎಂದು ಯಾರೂ ಹೇಳುವುದಿಲ್ಲ, ಹುಡುಗಿಯ ವರ್ಣ ಮೇಲಾಯಿತು ಎಂದೇ ಹೇಳುತ್ತಾರೆ. ಲೆಕ್ಕದಲ್ಲಿ ಎರಡೂ ಒಂದೇ ಆದರೂ ಆಡುವ ಮಾತು ಹುಡುಗಿಯ ತಲೆಯ ಮೇಲೆ ಬೀಳುತ್ತದೆ. ಮದುವೆಯಾದ ಮೇಲೆ ಸಣ್ಣದೊಂದು ಭಿನ್ನಾಭಿಪ್ರಾಯ ಬಂದರೂ ಜಾತಕದಲ್ಲೇ ಇತ್ತಲ್ಲ ಎನ್ನುವ ಮಾತಿಗೆ ಅದು ದಾರಿ ಮಾಡಿಕೊಡುತ್ತದೆ. ಜೋಯಿಸರಾದವರು ಸೊನ್ನೆಯನ್ನು ಬರೆಯುವಾಗ ಅದರ ಅರ್ಥ ಎಷ್ಟು ಸೀಮಿತ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕೆಂದು ನಾನು ನಂಬಿದ್ದೇನೆ.

ವರ್ಣದ ಸೊನ್ನೆಗೆ ಪರಿಹಾರ ಹೇಳುವ ಕ್ರಮವೂ ಇದೆ, ಅದನ್ನೂ ಪ್ರಾಮಾಣಿಕವಾಗಿ ನೋಡಿಬಿಡೋಣ. ರಾಶಿಯ ವರ್ಣ ಕೆಳಗಿದ್ದರೂ ರಾಶ್ಯಧಿಪತಿಯ ವರ್ಣ ಮೇಲಿದ್ದರೆ ದೋಷವಿಲ್ಲ ಎನ್ನುತ್ತಾರೆ. ಅವರ ರಾಶ್ಯಧಿಪತಿ ಶನಿ, ಶೂದ್ರ ವರ್ಣ; ನಿಮ್ಮ ರಾಶ್ಯಧಿಪತಿ ಕುಜ, ಕ್ಷತ್ರಿಯ ವರ್ಣ. ಈ ಪರಿಹಾರ ನಿಮಗೆ ಹೊಂದುವುದಿಲ್ಲ. ರಾಶ್ಯಧಿಪತಿಗಳ ಮೈತ್ರಿಯಿದ್ದರೆ ವರ್ಣವನ್ನು ಲೆಕ್ಕಿಸಬೇಕಿಲ್ಲ ಎಂಬುದು ಇನ್ನೊಂದು ಮಾತು. ಕುಜನಿಗೆ ಶನಿ ಸಮ, ಶನಿಗೆ ಕುಜ ಶತ್ರು. ಗ್ರಹಮೈತ್ರಿಯಲ್ಲಿ ನಿಮಗೆ ಬರುವುದು 5ರಲ್ಲಿ ಅರ್ಧ ಗುಣ. ಆದ್ದರಿಂದ ಇದೂ ಹೊಂದುವುದಿಲ್ಲ. ಮೂರನೆಯದು ನವಾಂಶಾಧಿಪತಿಗಳ ಮೈತ್ರಿ. ರಾಶಿಯನ್ನು ಒಂಬತ್ತು ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ನವಾಂಶ. ಭರಣಿ 3ನೇ ಪಾದದ ನವಾಂಶ ತುಲಾ, ಶ್ರವಣ 2ನೇ ಪಾದದ ನವಾಂಶ ವೃಷಭ. ಎರಡಕ್ಕೂ ಅಧಿಪತಿ ಶುಕ್ರನೇ. ಅನೇಕ ಜೋಯಿಸರು ಇದನ್ನು ಬಲವಾದ ಪರಿಹಾರವೆಂದು ಒಪ್ಪುತ್ತಾರೆ. ಎರಡೂ ಮನೆಯ ಹಿರಿಯರಿಗೆ ಶಾಸ್ತ್ರದ ಮಾತೇ ಬೇಕೆಂದಿದ್ದರೆ ಈ ಒಂದು ಅಂಶವನ್ನು ನೀವು ಧೈರ್ಯವಾಗಿ ಮುಂದಿಡಬಹುದು. ನನ್ನ ಮಟ್ಟಿಗೆ, ತೂಕವೇ ಇಲ್ಲದ ದೋಷಕ್ಕೆ ಪರಿಹಾರ ಹುಡುಕುವ ಅಗತ್ಯವೂ ಇಲ್ಲ.

ವಶ್ಯದ ಕಥೆ ಇದಕ್ಕಿಂತ ತೊಡಕಿನದು. ಇಬ್ಬರಲ್ಲಿ ಯಾರ ಮಾತು ಯಾರ ಮೇಲೆ ನಡೆಯುತ್ತದೆ, ಒಬ್ಬರ ಕಡೆಗೆ ಇನ್ನೊಬ್ಬರು ಎಷ್ಟು ಒಲಿಯುತ್ತಾರೆ ಎಂಬುದನ್ನು ಇದು ತಿಳಿಸುತ್ತದೆಂದು ಹೇಳಲಾಗುತ್ತದೆ. ಆದರೆ ವಶ್ಯ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಪದ್ಧತಿಗಳು ಚಾಲ್ತಿಯಲ್ಲಿವೆ, ಮತ್ತು ಕೊಡಗಿನಲ್ಲಿ ಅವೆರಡೂ ಎದುರುಬದುರಾಗುತ್ತವೆ. ಸೋಮವಾರಪೇಟೆ, ಕುಶಾಲನಗರದ ಕಡೆಯವರು ಜಾತಕ ಹಿಡಿದು ಮೈಸೂರು, ಹಾಸನದತ್ತ ಹೋದರೆ ಅಲ್ಲಿ ಪಂಚಾಂಗದ 36 ಗುಣಗಳ ಪಟ್ಟಿ ತೆರೆಯುತ್ತಾರೆ. ವಿರಾಜಪೇಟೆ, ಕುಟ್ಟದ ಕಡೆಯವರಲ್ಲಿ ಕೆಲವರು ಕಣ್ಣೂರು, ವಯನಾಡಿನತ್ತ ಹೋದರೆ ಅಲ್ಲಿ ಹತ್ತು ಪೊರುತ್ತ ನೋಡುತ್ತಾರೆ. ಆ ಹತ್ತರಲ್ಲಿ ವಶ್ಯವಿದೆ, ವರ್ಣ ಇಲ್ಲವೇ ಇಲ್ಲ. ನಿಮ್ಮ ಅಹಂಕಾರಕ್ಕೆ ಸಾಕ್ಷಿಯೆಂದು ತೋರಿಸಲಾದ ಆ ಸೊನ್ನೆಯನ್ನು ಹುಡುಗನ ಮನೆಯವರು ಕೇಳಿದ ಪದ್ಧತಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದನ್ನು ಚಿಕ್ಕಮ್ಮನವರು ಗಮನಿಸಿರಲಾರರು.

ಪಂಚಾಂಗದ ಪದ್ಧತಿಯಲ್ಲಿ ರಾಶಿಗಳನ್ನು ಅವುಗಳ ಆಕೃತಿಯ ಮೇಲೆ ಐದು ಗುಂಪು ಮಾಡುತ್ತಾರೆ. ಮೇಷ, ವೃಷಭ ಚತುಷ್ಪಾದ, ಮಿಥುನ, ಕನ್ಯಾ, ತುಲಾ, ಕುಂಭ ಮಾನವ, ಕರ್ಕಾಟಕ, ಮೀನ ಜಲಚರ, ಸಿಂಹ ವನಚರ, ವೃಶ್ಚಿಕ ಕೀಟ. ಧನು ಮತ್ತು ಮಕರವನ್ನು ಮಾತ್ರ ನಡುವೆ ಸೀಳುತ್ತಾರೆ. ಮಕರದ ಮುಂಭಾಗ ಜಿಂಕೆಯ ರೂಪ, ಹಿಂಭಾಗ ಜಲಪ್ರಾಣಿಯ ರೂಪ. ಆದ್ದರಿಂದ ಮೊದಲ 15 ಅಂಶ ಚತುಷ್ಪಾದ, ನಂತರದ 15 ಅಂಶ ಜಲಚರ. ಇಬ್ಬರೂ ಒಂದೇ ಗುಂಪಿನವರಾದರೆ 2 ಗುಣ. ಬೇರೆ ಗುಂಪಾದರೆ ಒಂದು ಇನ್ನೊಂದಕ್ಕೆ ಅಧೀನವೇ, ಆಹಾರವೇ, ವೈರಿಯೇ ಎಂಬುದನ್ನು ನೋಡಿ 1, ಅರ್ಧ ಅಥವಾ 0 ಕೊಡುತ್ತಾರೆ. ಚತುಷ್ಪಾದಕ್ಕೂ ಜಲಚರಕ್ಕೂ ರೂಢಿಯ ಪಟ್ಟಿಗಳಲ್ಲಿ 1 ಗುಣ.

ಹುಡುಗನ ನಕ್ಷತ್ರವನ್ನು ಈಗ ಹತ್ತಿರದಿಂದ ನೋಡಿ. ಒಂದು ಅಂಶಕ್ಕೆ 60 ಕಲೆ. ಶ್ರವಣ 2ನೇ ಪಾದವು ಮಕರದ 13 ಅಂಶ 20 ಕಲೆಯಿಂದ 16 ಅಂಶ 40 ಕಲೆಯವರೆಗೆ ಇರುತ್ತದೆ. 15ನೇ ಅಂಶದ ಗಡಿ ಸರಿಯಾಗಿ ಈ ಪಾದದ ನಟ್ಟನಡುವೆ ಹಾದುಹೋಗುತ್ತದೆ. ನೀವು ಕಳುಹಿಸಿದ ಪ್ರತಿಗಳಲ್ಲಿ ಆ್ಯಪ್ ತೆಗೆದ ಜಾತಕದಲ್ಲಿ ಚಂದ್ರ 14 ಅಂಶ 10 ಕಲೆಯಲ್ಲಿದ್ದಾನೆ, ಜೋಯಿಸರ ಜಾತಕದಲ್ಲಿ 15 ಅಂಶ 37 ಕಲೆಯಲ್ಲಿದ್ದಾನೆ. ಹುಟ್ಟಿದ ಸಮಯ ಎರಡರಲ್ಲೂ ಒಂದೇ. ವ್ಯತ್ಯಾಸ ಬಂದಿರುವುದು ರಾಶಿಚಕ್ರವನ್ನು ಎಲ್ಲಿಂದ ಎಣಿಸಬೇಕೆಂದು ನಿರ್ಧರಿಸುವ ಅಯನಾಂಶದಿಂದ: ಆ್ಯಪ್ ಬಳಸಿರುವುದು ರಾಷ್ಟ್ರೀಯ ಪಂಚಾಂಗವೂ ಅನುಸರಿಸುವ ಲಾಹಿರಿ ಅಯನಾಂಶವನ್ನು, ಜೋಯಿಸರು ಬಳಸಿರುವುದು ರಾಮನ್ ಅಯನಾಂಶವನ್ನು; ಎರಡರ ನಡುವೆ ಸುಮಾರು ಒಂದೂವರೆ ಅಂಶದಷ್ಟು ಅಂತರವಿದೆ. ಎರಡೂ ಜಾತಕಗಳಲ್ಲಿ ರಾಶಿ ಮಕರ, ನಕ್ಷತ್ರ ಶ್ರವಣ, ಪಾದ 2 ಎಂದೇ ಇರುವುದರಿಂದ ಮೇಲ್ನೋಟಕ್ಕೆ ಯಾವ ಭೇದವೂ ಕಾಣುವುದಿಲ್ಲ. ಆದರೆ ಒಂದರಲ್ಲಿ ಚಂದ್ರ ಗಡಿಯ ಈಚೆ, ಚತುಷ್ಪಾದದಲ್ಲಿ ನಿಂತು ನಿಮ್ಮ ಮೇಷದೊಂದಿಗೆ ಒಂದೇ ಗುಂಪಾಗಿ 2 ಗುಣ ಪಡೆಯುತ್ತಾನೆ. ಇನ್ನೊಂದರಲ್ಲಿ ಗಡಿಯ ಆಚೆ, ಜಲಚರಕ್ಕೆ ಸೇರಿ 1 ಗುಣ ಪಡೆಯುತ್ತಾನೆ.

ಅಯನಾಂಶದ ಮಾತು ಬಿಟ್ಟರೂ ಈ ಜಾತಕ ಗಡಿಗೆ ತೀರಾ ಸಮೀಪದಲ್ಲಿದೆ. ಚಂದ್ರ ಗಂಟೆಗೆ ಸುಮಾರು 33 ಕಲೆ ಚಲಿಸುತ್ತಾನೆ. ಲಾಹಿರಿ ಲೆಕ್ಕದಲ್ಲೇ ಹುಡುಗ ಒಂದೂವರೆ ಗಂಟೆ ತಡವಾಗಿ ಹುಟ್ಟಿದ್ದರೆ 2 ಇದ್ದದ್ದು 1 ಆಗುತ್ತಿತ್ತು. ಮಳೆಗಾಲದ ರಾತ್ರಿ ಕರೆಂಟಿಲ್ಲದ ಮನೆಯಲ್ಲಿ ಹೆರಿಗೆಯಾಗಿ, ಸಮಯವನ್ನು ಮರುದಿನ ನೆನಪಿನಿಂದ ಬರೆಸಿದ ಜಾತಕಗಳು ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ ಬೇಕಾದಷ್ಟಿವೆ. ಅಂಥ ಜಾತಕದಲ್ಲಿ ಗಡಿಯ ಬಳಿಯ ಚಂದ್ರನನ್ನು ನೋಡಿ ದಾಂಪತ್ಯದಲ್ಲಿ ಯಾರು ಯಾರಿಗೆ ಒಲಿಯುತ್ತಾರೆಂದು ನಿರ್ಣಯಿಸುವುದು ದುಡುಕು. ಧನು ಮತ್ತು ಮಕರ ರಾಶಿಯವರು ವಶ್ಯದ ಗುಣವನ್ನು ಕೇಳುವಾಗ ಚಂದ್ರನ ಅಂಶವನ್ನೂ ಯಾವ ಅಯನಾಂಶ ಎಂಬುದನ್ನೂ ಕಡ್ಡಾಯವಾಗಿ ಕೇಳಬೇಕು. ಕೆಲವು ಅಚ್ಚಾದ ಪಟ್ಟಿಗಳಲ್ಲಿ ಸೀಳುವ ಗೊಡವೆಯೇ ಇಲ್ಲದೆ ಇಡೀ ಮಕರವನ್ನು ಜಲಚರಕ್ಕೆ ಸೇರಿಸಿರುವುದೂ ಉಂಟು.

ಇನ್ನು ವಿರಾಜಪೇಟೆ ಕಡೆಯ ಉತ್ತರ. ದಕ್ಷಿಣದ ಪದ್ಧತಿಯಲ್ಲಿ ಗುಂಪುಗಳಿಲ್ಲ, ಒಂದೊಂದು ರಾಶಿಗೂ ಅದಕ್ಕೆ ವಶವಾಗುವ ಒಂದೋ ಎರಡೋ ರಾಶಿಗಳ ಹೆಸರನ್ನು ನೇರವಾಗಿ ಹೇಳಿದೆ. ಮೇಷಕ್ಕೆ ವಶವಾಗುವವು ಸಿಂಹ ಮತ್ತು ವೃಶ್ಚಿಕ. ಮಕರಕ್ಕೆ ವಶವಾಗುವವು ಮೇಷ ಮತ್ತು ಕುಂಭ. ಹೆಣ್ಣಿನ ರಾಶಿಯಿಂದ ಎಣಿಸುವವರು ನಿಮ್ಮ ಮೇಷದಿಂದ ಹೊರಟು ಸಿಂಹ, ವೃಶ್ಚಿಕಗಳನ್ನು ನೋಡುತ್ತಾರೆ. ಅಲ್ಲಿ ಮಕರವಿಲ್ಲ, ಆದ್ದರಿಂದ ಪೊರುತ್ತವಿಲ್ಲ ಎನ್ನುತ್ತಾರೆ. ಗಂಡಿನ ರಾಶಿಯಿಂದ ಎಣಿಸುವವರಿಗೆ ಮಕರದ ಪಟ್ಟಿಯಲ್ಲಿ ಮೇಷ ಮೊದಲ ಹೆಸರಾಗಿಯೇ ಸಿಗುತ್ತದೆ, ವಶ್ಯ ಚೆನ್ನಾಗಿದೆ ಎನ್ನುತ್ತಾರೆ. ಯಾವ ಕಡೆಯಿಂದ ಸಿಕ್ಕರೂ ಸಾಕು ಎನ್ನುವವರೂ ಇದ್ದಾರೆ. ಹುಡುಗನ ಮನೆಯವರು ಕೇಳಿದವರು ಮೊದಲ ಕ್ರಮದವರು ಎಂಬುದು ಉತ್ತರದಿಂದಲೇ ಗೊತ್ತಾಗುತ್ತದೆ. ಗಮನಿಸಿ: ಗಂಡಿನ ಕಡೆಯಿಂದ ಎಣಿಸಿದರೆ ನಿಮ್ಮ ರಾಶಿ ಅವರ ರಾಶಿಗೆ ವಶ. ಅಂದರೆ ಚಿಕ್ಕಮ್ಮನವರು ಗಂಡನ ಮಾತು ಕೇಳದವಳು ಎಂದು ಯಾರನ್ನು ಕುರಿತು ಹೇಳಿದರೋ, ಅವಳೇ ಆತನ ಮಾತಿಗೆ ಒಲಿಯುವವಳು ಎಂದು ಅದೇ ದಕ್ಷಿಣದ ಪಟ್ಟಿ ಹೇಳುತ್ತಿದೆ. ವರ್ಣ ಒಂದು ಹೇಳಿತು, ವಶ್ಯ ಅದಕ್ಕೆ ತದ್ವಿರುದ್ಧವಾದುದನ್ನು ಹೇಳಿತು, ಎರಡೂ ಒಂದೇ ಚಂದ್ರರಾಶಿಯಿಂದ.

ಆದ್ದರಿಂದ ಯಾವುದನ್ನು ನಂಬಲಿ ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ಲೆಕ್ಕವಾಗಿ ಮೂರೂ ಸರಿ, ಆಯಾ ಪದ್ಧತಿಯ ಒಳಗೆ. ನಿಮ್ಮಿಬ್ಬರ ಸ್ವಭಾವದ ವರ್ಣನೆಯಾಗಿ ಮೂರನ್ನೂ ನಂಬಬೇಡಿ. ಚಂದ್ರರಾಶಿಯೊಂದರಿಂದ ಒಬ್ಬರ ಅಹಂಕಾರವನ್ನೋ ಹಟವನ್ನೋ ಕಂಡುಹಿಡಿಯಬಹುದು ಎಂಬುದಕ್ಕೆ ಪುರಾವೆ ಇಲ್ಲ. ಜಾತಕದಲ್ಲಿ ನಂಬಿಕೆಯುಳ್ಳ ಜೋಯಿಸರೂ ಸ್ವಭಾವ ಮತ್ತು ದಾಂಪತ್ಯದ ವಿಚಾರಕ್ಕೆ ಲಗ್ನ, ಲಗ್ನಾಧಿಪತಿ, ಸಪ್ತಮ ಭಾವ, ರವಿ ಮತ್ತು ಕುಜರ ಸ್ಥಿತಿಯನ್ನು ನೋಡುತ್ತಾರೆಯೇ ಹೊರತು ವರ್ಣಕೂಟವನ್ನು ನೋಡಿ ನಿಲ್ಲಿಸುವುದಿಲ್ಲ.

ಎರಡೂ ಮನೆಗಳಲ್ಲಿ ಜಾತಕದ ಮಾತು ಮುಂದುವರಿಯಲೇಬೇಕಾದರೆ ಮೊದಲು ಒಂದು ಪದ್ಧತಿಯನ್ನು ಒಪ್ಪಿಕೊಳ್ಳಿ. ಅಷ್ಟಕೂಟವಾದರೆ ಎಂಟೂ ಕೂಟಗಳನ್ನು ಒಬ್ಬರೇ ಜೋಯಿಸರಿಂದ, ಒಂದೇ ಅಯನಾಂಶದಲ್ಲಿ ಬರೆಸಿ ಒಟ್ಟು ಗುಣವನ್ನು ನೋಡಿ. ಹತ್ತು ಪೊರುತ್ತವಾದರೆ ಹತ್ತನ್ನೂ ಅದೇ ರೀತಿ ನೋಡಿ, ಆಗ ವರ್ಣದ ಪ್ರಸ್ತಾಪವೇ ಬರಕೂಡದು. ಒಂದು ಪದ್ಧತಿಯ ಸೊನ್ನೆಯನ್ನೂ ಇನ್ನೊಂದು ಪದ್ಧತಿಯ ಇಲ್ಲವನ್ನೂ ಹೆಕ್ಕಿ ಜೋಡಿಸಿದರೆ ಯಾವ ಜೋಡಿಯನ್ನಾದರೂ ಬೇಡವೆನ್ನಿಸಬಹುದು. ಮೈಸೂರಿನ ಜೋಯಿಸರಿಗೆ ಫೋನ್ ಮಾಡಿ, ಮಕರವನ್ನು ಸೀಳಿ ನೋಡಿದ್ದೀರಾ ಎಂದು ಕೇಳಿದರೆ ಅವರು ತಮ್ಮ 1 ಹೇಗೆ ಬಂತೆಂದು ಸಂತೋಷವಾಗಿ ವಿವರಿಸುತ್ತಾರೆ. ಅದನ್ನು ಹುಡುಗನ ಮನೆಯವರಿಗೂ ಕೇಳಿಸಿ.

ಯಾರ ಮಾತು ಯಾರ ಮೇಲೆ ನಡೆಯುತ್ತದೆ ಎಂಬ ಪ್ರಶ್ನೆ ಮಾತ್ರ ನಿಜವಾದದ್ದು, ಅದನ್ನು ಕೇಳದೆ ಬಿಡಬೇಡಿ. ನಮ್ಮ ನೆರೆಯ ಕೊಡವ ಮನೆತನಗಳಲ್ಲಿ ಮದುವೆ ಪುರೋಹಿತರಿಲ್ಲದೆ ಹಿರಿಯರ ಆಶೀರ್ವಾದದಿಂದ ನಡೆಯುತ್ತದೆ. ಅಲ್ಲಿ ಒಕ್ಕ ಯಾವುದು, ಮನೆಯವರು ಎಂಥವರು, ಹುಡುಗ ಹೇಗೆ ಬೆಳೆದ ಎಂಬುದನ್ನು ವಿಚಾರಿಸುವುದಕ್ಕೆ ದೊಡ್ಡ ಸ್ಥಾನವಿದೆ. ನೀವೂ ಹುಡುಗನನ್ನು ನೇರವಾಗಿ ಕೇಳಿ. ತೋಟದ ಲೆಕ್ಕಪತ್ರ ಯಾರ ಕೈಯಲ್ಲಿದೆ, ಕಾಫಿ ಮಾರಿದ ಹಣ ಹೇಗೆ ಹಂಚಿಕೆಯಾಗುತ್ತದೆ, ಮದುವೆಯಾದ ಮೇಲೆ ನೀವು ಕೆಲಸಕ್ಕೆ ಹೋಗುವುದಾದರೆ ಅದನ್ನು ತೀರ್ಮಾನಿಸುವವರು ಯಾರು, ಕೊಯ್ಲಿನ ತಿಂಗಳುಗಳಲ್ಲಿ ನೀವು ತವರಿಗೆ ಬರಬೇಕಾದರೆ ಯಾರನ್ನು ಕೇಳಬೇಕು. ಚಿಕ್ಕಮ್ಮನವರು ಆಡಿದ ಮಾತು ಅವರ ಕಿವಿಗೂ ಬಿದ್ದಿದೆಯೇ, ಬಿದ್ದಿದ್ದರೆ ಅವರು ಏನು ಹೇಳಿದರು ಎಂಬುದನ್ನೂ ಕೇಳಿ. ಆ ಕೊನೆಯ ಪ್ರಶ್ನೆಗೆ ಅವರು ಕೊಡುವ ಉತ್ತರ ನಿಮಗೆ ವಶ್ಯದ ಎರಡು ಗುಣಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ.